ಅರ್ಧ ಪಾಳಿಯವರ ಮೇಲೆ ಪೂರ್ತಿ ಅಪವಾದ

ಹಿಂದೂಪುರದ ಸುತ್ತಲಿನ ಗಾರ್ಮೆಂಟ್‌ಗಳಲ್ಲಿ, ಕಲ್ಯಾಣದುರ್ಗದ ಆಸ್ಪತ್ರೆ-ಅಂಗಡಿಗಳಲ್ಲಿ ವರ್ಷಕ್ಕೊಮ್ಮೆ ಸಂಬಳ ಏರಿಸುವ ಕಾಲ ಬಂದಾಗ ಒಂದು ವಾದ ತಪ್ಪದೆ ತಲೆ ಎತ್ತುತ್ತದೆ. ಅರ್ಧ ಪಾಳಿಗೆ ಬರುವವರು, ವಾರಕ್ಕೆ ಮೂರು ದಿನ ಬರುವವರು, ರಾತ್ರಿ ಪಾಳಿಯವರು ದಿನಪೂರ್ತಿ ಇರುವವರಿಗೆ ಸಮ ಅಲ್ಲ ಎಂಬುದು ಆ ವಾದ. ಕಾರಣ ಕೇಳಿದರೆ ಮೂರು ಹೇಳುತ್ತಾರೆ: ಕೆಲಸ ಕಡಿಮೆ ಇಳಿಯುತ್ತದೆ, ನೆಚ್ಚಿಕೊಳ್ಳುವ ಹಾಗಿಲ್ಲ, ಹೇಳಿದ ಹಾಗೆ ಬಗ್ಗುವುದಿಲ್ಲ. ಆರ್ಡರ್ ಮೈಮೇಲೆ ಬಿದ್ದಾಗ ಇದೇ ಅರ್ಧ ಪಾಳಿಯವರನ್ನು ಹುಡುಕಿಕೊಂಡು ಹಳ್ಳಿಗೆ ಬಸ್ಸು ಕಳಿಸಿದವರೂ ಇವರೇ ಎಂಬುದನ್ನು ಸದ್ಯಕ್ಕೆ ಬದಿಗಿಡೋಣ. ವಾದವನ್ನು ವಾದವಾಗಿಯೇ ನೋಡೋಣ, ತೀರ್ಪು ಓದುಗರದು.

ಮೊದಲ ಆರೋಪ ಉತ್ಪಾದನೆಯದು. ಸಂಜೆ ಬೋರ್ಡು ನೋಡಿ, ಅರ್ಧ ಪಾಳಿಯವಳು ದಿನಪೂರ್ತಿಯವಳ ಅರ್ಧ ಮುಟ್ಟುವುದೇ ಕಷ್ಟ ಎನ್ನುತ್ತಾರೆ. ಅರ್ಧ ದಿನ ದುಡಿದವಳು ಅರ್ಧ ಮಾಲು ಕೊಟ್ಟಳು ಎಂಬುದು ಇವರಿಗೆ ದೂರಾಗಿ ಕಾಣುವುದಾದರೆ, ಅರ್ಧ ಸಂಬಳ ಕೊಟ್ಟಾಗಲೂ ಅದು ದೂರಾಗಿ ಕಾಣಬೇಕಿತ್ತು. ಇರಲಿ, ಲೆಕ್ಕವನ್ನೇ ಹಾಕೋಣ. ಹೊಲಿಗೆಯ ಪ್ರತಿ ಕೆಲಸಕ್ಕೂ ಇಷ್ಟು ನಿಮಿಷ ಎಂದು ಗಾರ್ಮೆಂಟ್‌ನವರೇ ಗೊತ್ತುಮಾಡಿರುತ್ತಾರೆ. ಅದಕ್ಕೆ ಸ್ಯಾಮ್ ಎನ್ನುತ್ತಾರೆ. ಚೆಕರ್ ಪಾಸ್ ಮಾಡಿದ ಪೀಸುಗಳನ್ನು ಸ್ಯಾಮ್‌ನಿಂದ ಗುಣಿಸಿ, ದುಡಿದ ನಿಮಿಷಗಳಿಂದ ಭಾಗಿಸಿದರೆ ಬರುವುದೇ ಎಫಿಷಿಯೆನ್ಸಿ. ಅಂಗಿಗೆ ಜೇಬು ಕೂರಿಸುವ ಕೆಲಸಕ್ಕೆ 0.75 ನಿಮಿಷ ಎಂದಿಟ್ಟುಕೊಳ್ಳಿ. ದಿನಪೂರ್ತಿಯವಳು 480 ನಿಮಿಷದಲ್ಲಿ 416 ಪೀಸು ಮುಗಿಸಿದಳು: ಶೇ. 65. ಬೆಳಗಿನ ಅರ್ಧ ಪಾಳಿಯವಳು 240 ನಿಮಿಷದಲ್ಲಿ 216 ಮುಗಿಸಿದಳು: ಶೇ. 67.5. ಬೋರ್ಡಿನಲ್ಲಿ ಅರ್ಧದಷ್ಟಾಗಿ ಕಂಡವಳು ಲೆಕ್ಕದಲ್ಲಿ ಒಂದು ಕೈ ಮೇಲೆ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಪಕ್ಷಕ್ಕೆ ಲಾಭ. ಆದರೆ ಎದುರಾಳಿಗಳು ಹೇಳಬಹುದಾಗಿದ್ದ, ಯಾಕೋ ಹೇಳದೆ ಬಿಟ್ಟ ಒಂದು ಒಳ್ಳೆಯ ಮಾತಿದೆ. ಅವರ ಪರವಾಗಿ ನಾನೇ ಹೇಳುತ್ತೇನೆ. ಮಧ್ಯಾಹ್ನದ ನಂತರ ಎಲ್ಲರ ಕೈಯೂ ನಿಧಾನವಾಗುತ್ತದೆ. ಊಟಕ್ಕೆ ಮುಂಚೆ ಮನೆಗೆ ಹೋದವಳಿಗೆ ಆ ದಣಿವಿನ ಗಂಟೆಗಳೇ ಇಲ್ಲ. ಹಾಗಾಗಿ ಅವಳ ನಾಲ್ಕು ಗಂಟೆಯನ್ನು ಇವಳ ಎಂಟು ಗಂಟೆಗೆ ಹೋಲಿಸಿದರೆ ಅರ್ಧ ಪಾಳಿಯವಳಿಗೆ ಪುಕ್ಕಟೆ ಅಂಕ ಸಿಗುತ್ತದೆ. ಹೋಲಿಸಬೇಕಾದ್ದು ಅದೇ ಬೆಳಗ್ಗೆ, ಅದೇ ಬ್ಯಾಚಿನಲ್ಲಿ, ಅದೇ ಕೆಲಸದಲ್ಲಿ ಇಬ್ಬರೂ ಮಾಡಿದ್ದನ್ನು. ಗಂಟೆಗಂಟೆಗೆ ಪೀಸು ಬರೆಯುವ ಬೋರ್ಡು ಇರುವಲ್ಲಿ ಇದಕ್ಕೆ ಹೊಸ ಯಂತ್ರವೇನೂ ಬೇಡ. ದಿನಪೂರ್ತಿಯವಳ 416ರಲ್ಲಿ 224 ಊಟಕ್ಕೆ ಮುಂಚಿನವು, 192 ನಂತರದವು ಎಂದಾದರೆ, ಬೆಳಗಿನ ಪಾಳಿಯಲ್ಲಿ ಆಕೆಯದು ಶೇ. 70. ಅರ್ಧ ಪಾಳಿಯವಳದು 67.5. ನಿಜವಾದ ಅಂತರ ಇಷ್ಟು: ಎರಡೂವರೆ ಅಂಶ, ಅದೂ ದಿನಪೂರ್ತಿಯವಳ ಕಡೆಗೆ. ಅರ್ಧ ಪಾಳಿಯವಳು ಮೇಲೂ ಅಲ್ಲ, ಅರ್ಧವೂ ಅಲ್ಲ.

ಇನ್ನೊಂದು ಎಡವಟ್ಟು ಕಾಯುವ ಹೊತ್ತಿನದು. ಬೆಳಗ್ಗೆ ಫೀಡಿಂಗ್ ಬರದೆ ಬ್ಯಾಚು ಅರ್ಧ ಗಂಟೆ ಸುಮ್ಮನೆ ಕೂತಿತು ಎನ್ನಿ. ಆ ಅರ್ಧ ಗಂಟೆ ದಿನಪೂರ್ತಿಯವಳ ದಿನದಲ್ಲಿ ಹದಿನಾರನೇ ಒಂದು ಪಾಲು, ಅರ್ಧ ಪಾಳಿಯವಳ ಪಾಳಿಯಲ್ಲಿ ಎಂಟನೇ ಒಂದು ಪಾಲು. ತಪ್ಪು ಕಟಿಂಗ್ ವಿಭಾಗದ್ದು, ದಂಡ ಇಬ್ಬರಿಗೂ, ಅರ್ಧ ಪಾಳಿಯವಳಿಗೆ ದುಪ್ಪಟ್ಟು. ಕಾದ ಹೊತ್ತನ್ನು ಕಳೆದು ಬೆಳಗಿನ 210 ನಿಮಿಷಕ್ಕೆ ಲೆಕ್ಕ ಹಾಕಿದರೆ ಒಬ್ಬಳದು 80, ಇನ್ನೊಬ್ಬಳದು ಸುಮಾರು 77. ಇದನ್ನು ಕಳೆಯದ ಸೂಪರ್‌ವೈಸರ್ ಅಳೆಯುತ್ತಿರುವುದು ಟೈಲರನ್ನಲ್ಲ, ಫೀಡಿಂಗನ್ನು.

ಉತ್ಪಾದನೆಯ ಬೆನ್ನಿಗೇ ಗುಣಮಟ್ಟದ ಮಾತು ಬರುತ್ತದೆ: ಅರ್ಧ ಪಾಳಿಯವರ ಪೀಸುಗಳಲ್ಲಿ ಆಲ್ಟರ್ ಜಾಸ್ತಿ ಎಂದು. ರಿಜಿಸ್ಟರಿನಲ್ಲಿ ಹಾಗೆ ಇರಲೂಬಹುದು. ಆದರೆ ರಿಜಿಸ್ಟರಿಗೆ ಯಾವುದು ಏರುತ್ತದೆ ನೋಡಿ. ದಿನಪೂರ್ತಿಯವಳ ಜೇಬು ಸೊಟ್ಟಗಾದರೆ ಚೆಕರ್ ಕೈಸನ್ನೆ ಮಾಡಿ ವಾಪಸ್ ಕೊಡುತ್ತಾಳೆ, ಇವಳು ಬಿಚ್ಚಿ ಹೊಲಿದು ಕಳಿಸುತ್ತಾಳೆ, ಬರವಣಿಗೆ ಇಲ್ಲದೆ ಮುಗಿಯುತ್ತದೆ. ಅರ್ಧ ಪಾಳಿಯವಳ ಪೀಸು ಚೆಕರ್ ಮೇಜಿಗೆ ಬರುವ ಹೊತ್ತಿಗೆ ಅವಳು ಬಸ್ಸಿನಲ್ಲಿರುತ್ತಾಳೆ. ಸರಿಪಡಿಸುವ ಕೆಲಸ ಬೇರೆಯವರಿಗೆ ಹೋಗುತ್ತದೆ, ಆಗ ಬರೆಯಲೇಬೇಕಾಗುತ್ತದೆ. ಬರೆದ ತಪ್ಪನ್ನು ಬರೆಯದ ತಪ್ಪಿಗೆ ಹೋಲಿಸಿ ಯಾರು ಹೆಚ್ಚು ತಪ್ಪು ಮಾಡಿದರು ಎನ್ನುವುದು ಯಾವ ನ್ಯಾಯ? ಬಂಡಲ್ ಚೀಟಿ ನೋಡಿ, ಮೊದಲ ಸಲ ಮೇಜಿಗೆ ಬಂದಾಗ ಸಿಕ್ಕ ತಪ್ಪುಗಳನ್ನು ಮಾತ್ರ ಇಬ್ಬರಿಗೂ ಎಣಿಸಲಿ. ಆಗಲೂ ಅವಳದೇ ಜಾಸ್ತಿ ಬಂದರೆ ಒಪ್ಪುತ್ತೇನೆ.

ಎರಡನೆಯ ಆರೋಪ: ನೆಚ್ಚಿಕೊಳ್ಳುವ ಹಾಗಿಲ್ಲ, ರಜೆ ಜಾಸ್ತಿ. ರಜೆಯನ್ನು ದಿನಗಳಲ್ಲಿ ಎಣಿಸುವವರು ಎರಡೂ ಕಡೆ ಎಡವುತ್ತಾರೆ. ಮೂರು ತಿಂಗಳಲ್ಲಿ 78 ಕೆಲಸದ ದಿನ ಇದ್ದು, ದಿನಪೂರ್ತಿಯವಳು ನಾಲ್ಕು ದಿನ ತಪ್ಪಿಸಿದರೆ ಅದು ಶೇ. 5ರ ಸುಮಾರು. ವಾರಕ್ಕೆ ಮೂರೇ ದಿನ ಬರಬೇಕಾದವಳು ಮೂರು ದಿನ ತಪ್ಪಿಸಿದರೆ, 39 ಪಾಳಿಗೆ ಮೂರು, ಅಂದರೆ ಶೇ. 7.7. ದಿನ ಎಣಿಸಿದರೆ ಮೊದಲಿನವಳು ಕೆಟ್ಟವಳು, ಪಾಲು ಎಣಿಸಿದರೆ ಎರಡನೆಯವಳು. ಬರುತ್ತೇನೆಂದು ಒಪ್ಪಿದ ಪಾಳಿಗಳಲ್ಲಿ ಎಷ್ಟಕ್ಕೆ ಬಂದಳು ಎಂಬುದೇ ಪ್ರಶ್ನೆಯಾಗಬೇಕು. ಅದು ನನ್ನ ಪಕ್ಷಕ್ಕೆ ಒದಗುತ್ತದೋ ಇಲ್ಲವೋ ಆಮೇಲಿನ ಮಾತು. ಆದರೆ ಆರೋಪ ಹೊರಿಸುವವರು ಮುಚ್ಚಿಡುವುದು ಇನ್ನೊಂದಿದೆ: ಪರ್ಮಿಷನ್. ಬ್ಯಾಂಕಿಗೆ ಎರಡು ಗಂಟೆ, ಮಗನ ಶಾಲೆಗೆ ಒಂದು ಗಂಟೆ ಎಂದು ದಿನಪೂರ್ತಿಯವರು ಕೇಳಿ ಪಡೆಯುವ ಹೊತ್ತು ರಜೆಯ ಪಟ್ಟಿಗೆ ಏರುವುದೇ ಇಲ್ಲ. ಅರ್ಧ ಪಾಳಿಯವರು ಅದೇ ಬ್ಯಾಂಕು, ಅದೇ ಶಾಲೆಗಳನ್ನು ತಮ್ಮ ಮಧ್ಯಾಹ್ನದಲ್ಲಿ ಮುಗಿಸಿಕೊಳ್ಳುತ್ತಾರೆ. ಗಂಟೆಗಳನ್ನು ಕೂಡಿಸಿ ನೋಡುವ ಧೈರ್ಯ ಇದ್ದವರು ನೋಡಲಿ.

ಕಲ್ಯಾಣದುರ್ಗದ ಕಡೆಯವರು ಇದಕ್ಕೆ ಕಡಲೆಕಾಯಿಯ ಉದಾಹರಣೆ ಕೊಡುತ್ತಾರೆ. ಮಳೆ ಬಿದ್ದ ಕೂಡಲೇ ಬಿತ್ತನೆಗೆ, ಆಮೇಲೆ ಕಾಯಿ ಕೀಳುವುದಕ್ಕೆ ಅರೆಕಾಲಿಕರು ಕೈಕೊಡುತ್ತಾರಂತೆ. ಬರಗಾಲಕ್ಕೆ ಹೆಸರಾದ ಅನಂತಪುರದ ಸೀಮೆಯಲ್ಲಿ ಬಿದ್ದ ಮಳೆಯನ್ನು ಬಿಟ್ಟು ಯಾವ ರೈತನೂ ಹೊಲಿಗೆ ಯಂತ್ರದ ಮುಂದೆ ಕೂರುವುದಿಲ್ಲ, ನಿಜ. ಆದರೆ ಹೊಲ ಇರುವುದು ಅರೆಕಾಲಿಕರಿಗೆ ಮಾತ್ರವೆ? ದಿನಪೂರ್ತಿಯವನು ಅದೇ ವಾರ ಜ್ವರ ಎಂದು ಚೀಟಿ ಕೊಡುತ್ತಾನೆ. ಅರೆಕಾಲಿಕ ತಿಂಗಳು ಮುಂಚೆಯೇ ಹೊಲಕ್ಕೆ ಎಂದು ಹೇಳಿರುತ್ತಾನೆ. ಬ್ಯಾಚು ಹಾಳಾಗುವುದು ಹೇಳದೆ ತಪ್ಪಿಸಿದ ರಜೆಯಿಂದ. ಹೇಳಿ ಹೋದದ್ದನ್ನೂ ಹೇಳದೆ ಹೋದದ್ದನ್ನೂ ಒಂದೇ ಅಂಕಣದಲ್ಲಿ ಬರೆಯುವ ರಿಜಿಸ್ಟರು ನಿಜ ಹೇಳಿದವನಿಗೆ ಶಿಕ್ಷೆ ಕೊಡುತ್ತದೆ.

ರಾತ್ರಿ ಪಾಳಿಯವರ ಮೇಲಿನ ದೂರಿಗೆ ಹೆಚ್ಚು ಹೊತ್ತು ಬೇಡ. ಆಸ್ಪತ್ರೆಯ ರಾತ್ರಿ ನರ್ಸು ಏನು ಮಾಡುತ್ತಾಳೋ ಕಾಣುವುದಿಲ್ಲ ಎನ್ನುತ್ತಾರೆ. ಅಂಕ ಹಾಕುವವರು ಸಂಜೆ ಆರಕ್ಕೆ ಮನೆಗೆ ಹೋದ ಮೇಲೆ ಕಾಣುವುದಾದರೂ ಹೇಗೆ? ಬೆಳಗಿನ ಪಾಳಿಯವಳು ಬಂದು ವಾರ್ಡು ವಹಿಸಿಕೊಳ್ಳುವಾಗ ಔಷಧಿಯ ಚಾರ್ಟು ತುಂಬಿತ್ತೆ, ಅರ್ಧಕ್ಕೆ ಬಿಟ್ಟ ಕೆಲಸ ಎಷ್ಟಿತ್ತು ಎಂದು ಅವಳನ್ನೇ ಕೇಳಿದರೆ ಗೊತ್ತಾಗುತ್ತದೆ. ಕೇಳುವುದಿಲ್ಲ.

ಮೂರನೆಯ ಆರೋಪವೇ ಇವರ ಬ್ರಹ್ಮಾಸ್ತ್ರ: ಅರ್ಧ ಪಾಳಿಯವರು ಓಟಿಗೆ ನಿಲ್ಲುವುದಿಲ್ಲ, ಆದ್ದರಿಂದ ಹೊಂದಿಕೊಳ್ಳುವ ಗುಣ ಇಲ್ಲ. ಮಡಕಶಿರಾ ಕಡೆಗೆ ಹೋಗುವ ಬಸ್ಸು ತಪ್ಪಿದರೆ ಮನೆ ಸೇರುವುದು ಹೇಗೆ ಎಂಬ ಸಣ್ಣ ಪ್ರಶ್ನೆಯನ್ನು ಬಿಟ್ಟುಬಿಡೋಣ. ಹಣದ ಲೆಕ್ಕ ನೋಡಿ. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಎಂದಿತು. 2019ರ ವೇತನ ಸಂಹಿತೆಯೂ ಓಟಿಯ ದುಪ್ಪಟ್ಟನ್ನು ಕೈಬಿಟ್ಟಿಲ್ಲ. ಅಂದರೆ ದಿನಪೂರ್ತಿಯವನು ಓಟಿಗೆ ನಿಂತದ್ದು ಉದಾರತೆ ಅಲ್ಲ, ದುಪ್ಪಟ್ಟು ದರದ ದುಡಿಮೆ. ನಾಲ್ಕು ಗಂಟೆಯವಳು ಯಾವತ್ತಾದರೂ ಇನ್ನೂ ಮೂರು ಗಂಟೆ ನಿಂತರೆ ಒಟ್ಟು ಏಳೇ ಆಗುತ್ತದೆ. ಒಂಬತ್ತು ಮುಟ್ಟುವುದಿಲ್ಲ, ವಾರದ ನಲವತ್ತೆಂಟೂ ದೂರ, ದುಪ್ಪಟ್ಟೂ ಇಲ್ಲ. ಅದೇ ಮೂರು ಗಂಟೆಯನ್ನು ಅವಳು ಮಾಲೀಕನಿಗೆ ಅರ್ಧ ಬೆಲೆಗೆ ಕೊಟ್ಟಿರುತ್ತಾಳೆ. ಹಾಗಿದ್ದೂ ಹೊಂದಿಕೊಳ್ಳುವವನು ಅವನು, ಹೊಂದಿಕೊಳ್ಳದವಳು ಇವಳು!

ಇನ್ನೂ ಸ್ವಾರಸ್ಯವಾದ ಮಾತು ಮುಂದಿದೆ. ಬ್ಯಾಚಿನಲ್ಲಿ ಯಾರಾದರೂ ಬಾರದಿದ್ದರೆ ಆ ಯಂತ್ರಕ್ಕೆ ಕಳಿಸುವುದು ಯಾರನ್ನು? ಅರ್ಧ ಪಾಳಿಯವಳನ್ನು. ಸೋಮವಾರ ಜೇಬು, ಮಂಗಳವಾರ ಕಾಲರು, ಗುರುವಾರ ತೋಳು. ಕಲಿತ ಕೆಲಸ ಬಿಟ್ಟು ಬೇರೆ ಯಂತ್ರಕ್ಕೆ ಕೂತ ದಿನ ಕೈ ಕೂಡದು, ಎಫಿಷಿಯೆನ್ಸಿ ಇಳಿಯುತ್ತದೆ. ಇದು ಯಾವ ಸೂಪರ್‌ವೈಸರಿಗೂ ಗೊತ್ತಿಲ್ಲದ್ದಲ್ಲ. ವರ್ಷದ ಕೊನೆಗೆ ಇಳಿದ ಎಫಿಷಿಯೆನ್ಸಿಯನ್ನು ಉತ್ಪಾದನೆಯ ಅಂಕಣದಲ್ಲಿ ಅವಳ ವಿರುದ್ಧ ಬರೆಯುತ್ತಾರೆ. ಆ ಇಳಿಕೆಗೆ ಕಾರಣವಾದ ಓಡಾಟವನ್ನು ಹೊಂದಿಕೊಳ್ಳುವ ಅಂಕಣದಲ್ಲಿ ಅವಳ ಪರವಾಗಿ ಬರೆಯುವುದನ್ನು ಮರೆಯುತ್ತಾರೆ. ಒಂದೇ ಕೆಲಸವನ್ನು ಎರಡು ಕಡೆಯೂ ಸಾಲವಾಗಿ ತೋರಿಸುವ ಲೆಕ್ಕಿಗನನ್ನು ಇದೇ ಮಾಲೀಕರು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಹೊಸ ಯಂತ್ರಕ್ಕೆ ಕೂರಿಸಿದ ದಿನಗಳನ್ನು ಉತ್ಪಾದನೆಯ ಸರಾಸರಿಯಿಂದ ತೆಗೆದು, ಎಷ್ಟು ಬಗೆಯ ಕೆಲಸ ಗೊತ್ತು ಎಂಬುದನ್ನು ಬೇರೆಯಾಗಿ ಎಣಿಸಿದರೆ ಗಂಟು ಬಿಡುತ್ತದೆ.

ಕೊನೆಗೆ, ಎಲ್ಲ ವಾದ ಸೋತಾಗ ಹೊರಬರುವ ಮಾತು: ಅರ್ಧ ಪಾಳಿಯವರಿಗೂ ಬಸ್ಸಿನಲ್ಲಿ ಇಡೀ ಸೀಟು ಬೇಕು, ಕಲಿಸಲು ಇಡೀ ತಿಂಗಳು ಬೇಕು, ಅಲ್ಲಿಗೆ ಖರ್ಚು ಪೂರ್ತಿ, ಕೆಲಸ ಅರ್ಧ. ಇದು ಮಾತ್ರ ಸುಳ್ಳಲ್ಲ. ತಲೆಗೆ ಇಷ್ಟು ಎಂದು ಬೀಳುವ ಖರ್ಚು ಗಂಟೆ ಕಡಿಮೆಯಾದಷ್ಟೂ ಭಾರವಾಗುತ್ತದೆ. ಅರ್ಧ ಪಾಳಿಯವರನ್ನು ಎಷ್ಟು ಜನ ಇಟ್ಟುಕೊಳ್ಳಬೇಕು, ಇಟ್ಟುಕೊಳ್ಳಲೇಬೇಕೆ ಎಂದು ಮಾಲೀಕ ಯೋಚಿಸುವಾಗ ಈ ಲೆಕ್ಕ ಅವನ ಮೇಜಿನ ಮೇಲೆ ಇರಲೇಬೇಕು. ಆದರೆ ಅದು ಹುದ್ದೆಯ ಬೆಲೆ, ಆ ಹುದ್ದೆಯಲ್ಲಿ ಕೂತವಳ ಯೋಗ್ಯತೆಯಲ್ಲ. ಪಾಳಿಯನ್ನು ನಾಲ್ಕು ಗಂಟೆ ಎಂದು ಗೊತ್ತುಮಾಡಿದ್ದು ಅವಳಲ್ಲ. 1994ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 175ನೇ ಒಡಂಬಡಿಕೆಯೂ ಅರೆಕಾಲಿಕರನ್ನು ಅದೇ ಬಗೆಯ ಕೆಲಸ ಮಾಡುವ ಪೂರ್ಣಾವಧಿಯವರ ಪಕ್ಕ ಇಟ್ಟೇ ನೋಡುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲವಲ್ಲ ಎಂದು ಎದುರಾಳಿಗಳು ಹೇಳಬಹುದು. ಹೌದು, ಹಾಕಿಲ್ಲ. ಆದರೆ ಪೀಸನ್ನು ನಿಮಿಷದಿಂದ ಭಾಗಿಸುವುದಕ್ಕೆ ಯಾವ ಸಹಿಯೂ ಬೇಕಿಲ್ಲ. ಆ ಸೂತ್ರವನ್ನು ಕಾರ್ಖಾನೆಗೆ ತಂದವರು ಇವರೇ.