ಎಲ್ಲ ಅಂಗಡಿ, ಆರಿಸಿದ ಅಂಗಡಿ, ಒಂದೇ ಅಂಗಡಿ

ಕಳೆದ ಭಾನುವಾರ ಅಕ್ಕನ ಮಗಳು ನೋಟ್‌ಬುಕ್ ಹಿಡಿದುಕೊಂಡು ಮನೆಗೆ ಬಂದಳು. ಇಲ್ಲೇ ಡೊಂಬಿವಲಿಯ ಕಾಲೇಜಿನಲ್ಲಿ ಬಿಎಂಎಸ್ ಓದುತ್ತಿದ್ದಾಳೆ. ವಿತರಣಾ ಜಾಲದ ಮೇಲೆ ಅಸೈನ್‌ಮೆಂಟ್ ಬರೆಯಬೇಕಂತೆ. ಇಂಟೆನ್ಸಿವ್, ಸೆಲೆಕ್ಟಿವ್, ಎಕ್ಸ್‌ಕ್ಲೂಸಿವ್, ಈ ಮೂರನ್ನೂ ಹೋಲಿಸಿ ತಕ್ಕ ಉದಾಹರಣೆ ಕೊಡಬೇಕು. ಅವಳು ಆಗಲೇ ಬರೆದಿದ್ದಳು: ಬಿಸ್ಕತ್ತು ಇಂಟೆನ್ಸಿವ್, ಟಿವಿ ಸೆಲೆಕ್ಟಿವ್, ದುಬಾರಿ ಕಾರು ಎಕ್ಸ್‌ಕ್ಲೂಸಿವ್.

"ಸರಿ ಇದೆಯಾ ಮಾವ?" ಎಂದಳು.

"ಸರಿ ಇದೆ. ಆದರೆ ಯಾಕೆ ಅಂತ ಬರೆದಿಲ್ಲವಲ್ಲ" ಎಂದೆ.

"ಬಿಸ್ಕತ್ತು ಅಗ್ಗ, ಕಾರು ದುಬಾರಿ. ಅಷ್ಟೇ ಅಲ್ವಾ?"

ಅಷ್ಟೇ ಅಲ್ಲ. ಇಪ್ಪತ್ತೈದು ವರ್ಷ ಈ ಮುಂಬಯಿಯ ಉಪನಗರಗಳಲ್ಲಿ ಬ್ಯಾಗು ಹೊತ್ತು ಸೇಲ್ಸ್ ಕೆಲಸ ಮಾಡಿದವನು ನಾನು. ಬೆಲೆಯೊಂದನ್ನೇ ನೋಡಿ ಅಂಗಡಿ ತೆರೆದು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಅವಳಿಗೆ ಹೇಳಿದ್ದನ್ನೇ ಈ ಸಲದ ಅಂಕಣದಲ್ಲಿ ನಿಮಗೂ ಹೇಳುತ್ತೇನೆ. ನಮ್ಮಲ್ಲಿ ಅಂಗಡಿ, ಏಜೆನ್ಸಿ ನಡೆಸುವವರೂ ಅನೇಕರಿದ್ದೀರಿ, ತಪ್ಪಿದ್ದರೆ ತಿದ್ದಿ.

ಮೊದಲು ಬಿಸ್ಕತ್ತಿನಿಂದ ಶುರು ಮಾಡೋಣ. ನಮ್ಮ ಸೊಸೈಟಿಯ ಗೇಟಿನಿಂದ ಸ್ಟೇಷನ್‌ವರೆಗೆ ನಡೆದು, ಚಿಕ್ಕ ಬಿಸ್ಕತ್ತು ಪ್ಯಾಕೆಟ್ ಎಷ್ಟು ಕಡೆ ಸಿಗುತ್ತದೆ ಎಣಿಸಿಕೊಂಡು ಬಾ ಎಂದು ಅವಳನ್ನು ಕಳಿಸಿದೆ. ಇಪ್ಪತ್ತಮೂರು ಕಡೆ ಎಂದಳು. ಕಿರಾಣಿ, ಡೇರಿ, ಪಾನ್ ಅಂಗಡಿ, ಚಹಾ ಟಪ್ರಿ, ಮೆಡಿಕಲ್ ಕೂಡ. ಕಾರಣ ಸರಳ. ಚಹಾ ಕುಡಿಯುವವನು ಒಂದು ಬಿಸ್ಕತ್ತು ಕೇಳಿ, ಅದಿಲ್ಲದಿದ್ದರೆ ಪಕ್ಕದ ಭರಣಿಯಲ್ಲಿದ್ದ ಇನ್ನೊಂದನ್ನು ತೆಗೆದುಕೊಳ್ಳುತ್ತಾನೆ. ಅದಕ್ಕಾಗಿ ಮುಂದಿನ ಅಂಗಡಿಗೆ ಹೋಗುವುದಿಲ್ಲ. ಗಿರಾಕಿ ಹುಡುಕಿಕೊಂಡು ಬರದ ಸಾಮಾನು ಗಿರಾಕಿ ನಿಂತಲ್ಲೇ ಇರಬೇಕು. ಇಂಟೆನ್ಸಿವ್ ವಿತರಣೆ ಅಂದರೆ ಇದೇ.

ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಎಲ್ಲ ಅಂಗಡಿಗೂ ಮಾಲು ಮುಟ್ಟಿಸುವ ಖರ್ಚು ಯಾರದು ಎಂದು ಕೇಳಿದರೆ ವಿಷಯ ತೆರೆದುಕೊಳ್ಳುತ್ತದೆ. ದುಂಡಗಿನ ಅಂಕಿಯಲ್ಲಿ ಒಂದು ಲೆಕ್ಕ ಹಾಕೋಣ. ಒಬ್ಬ ಡಿಸ್ಟ್ರಿಬ್ಯೂಟರನ ಸೇಲ್ಸ್‌ಮನ್ ದಿನಕ್ಕೆ ನಲವತ್ತು ಅಂಗಡಿ ಸುತ್ತುತ್ತಾನೆ. ನಾವು ಅದನ್ನು ಬೀಟ್ ಎನ್ನುತ್ತೇವೆ. ಅವನ ಸಂಬಳ, ಮಾಲು ಇಳಿಸುವ ಟೆಂಪೊ, ಹುಡುಗನ ಕೂಲಿ ಎಲ್ಲ ಸೇರಿ ದಿನಕ್ಕೆ 1,500 ರೂಪಾಯಿ ಅಂದುಕೊಳ್ಳಿ. ಒಂದು ಅಂಗಡಿಯ ಬಾಗಿಲಿಗೆ ಹೋಗಿಬರುವ ಖರ್ಚು ಮೂವತ್ತೇಳೂವರೆ ರೂಪಾಯಿ. ಡಿಸ್ಟ್ರಿಬ್ಯೂಟರನಿಗೆ ಸಿಗುವ ಮಾರ್ಜಿನ್ ನೂರಕ್ಕೆ ಐದು ಇದ್ದರೆ, ಆ ಖರ್ಚು ಹುಟ್ಟಲು ಪ್ರತಿ ಅಂಗಡಿಯಿಂದ ಸರಾಸರಿ 750 ರೂಪಾಯಿಯ ಆರ್ಡರ್ ಬೇಕು. ಪಾನ್ ಅಂಗಡಿಯವನು ಕೊಡುವುದು ಮುನ್ನೂರರದ್ದು. ಅಲ್ಲಿ ದಕ್ಕುವುದು ಹದಿನೈದು ರೂಪಾಯಿ, ಕಳೆದುಕೊಳ್ಳುವುದು ಇಪ್ಪತ್ತೆರಡೂವರೆ.

ಹಾಗಾದರೆ ಆ ಅಂಗಡಿಗೆ ಬಿಸ್ಕತ್ತು ಹೇಗೆ ಹೋಗುತ್ತದೆ? ಒಂದೋ ಅದೇ ಸೇಲ್ಸ್‌ಮನ್ ಬ್ಯಾಗಿನಲ್ಲಿ ಅದೇ ಕಂಪನಿಯ ಹತ್ತಾರು ಬೇರೆ ಸಾಮಾನೂ ಇರಬೇಕು, ಎಲ್ಲ ಸೇರಿ ಬಿಲ್ಲು ದೊಡ್ಡದಾಗಬೇಕು. ಇಲ್ಲವೇ ಆ ಪಾನ್ ಅಂಗಡಿಯವನೇ ಹೋಲ್‌ಸೇಲ್ ಅಂಗಡಿಗೆ ಹೋಗಿ ಪೆಟ್ಟಿಗೆ ಹೊತ್ತು ತರುವಷ್ಟು ಬೇಡಿಕೆ ಇರಬೇಕು. ಇವೆರಡೂ ಇಲ್ಲದ ಹೊಸ ಕಂಪನಿಯೊಂದು "ನಮ್ಮದೂ ಬಿಸ್ಕತ್ತೇ, ನಾವೂ ಇಂಟೆನ್ಸಿವ್" ಎಂದು ಹೊರಟರೆ ಡಿಸ್ಟ್ರಿಬ್ಯೂಟರ್ ಕೆಲವೇ ತಿಂಗಳಲ್ಲಿ ಕೈ ಎತ್ತುತ್ತಾನೆ. ಮೊದಲು ಸಣ್ಣ ಅಂಗಡಿಗಳ ಬೀಟ್ ತಪ್ಪುತ್ತದೆ, ಆಮೇಲೆ ಇಡೀ ಏರಿಯಾ.

"ಅಂದರೆ ಇಂಟೆನ್ಸಿವ್ ಅನ್ನೋದು ಸಾಮಾನಿನ ಗುಣ ಮಾತ್ರ ಅಲ್ಲ, ಕಂಪನಿಯ ತಾಕತ್ತೂ ಹೌದು" ಎಂದು ಬರೆದುಕೊಂಡಳು. ಜಾಣೆ.

ಇನ್ನು ನನ್ನ ಕೈ ಸುಟ್ಟ ಕಥೆ. ಎರಡು ಸಾವಿರದ ಮೊದಲ ವರ್ಷಗಳು. ನಾನಾಗ ಒಂದು ಮಿಕ್ಸರ್ ಕಂಪನಿಯಲ್ಲಿದ್ದೆ. ನನ್ನ ಪಾಲಿನ ಒಂದು ಉಪನಗರದಲ್ಲಿ ನಾಲ್ಕೇ ಡೀಲರ್‌ಗಳು. ತಲಾ ತಿಂಗಳಿಗೆ ಇಪ್ಪತ್ತೈದರಂತೆ ನೂರು ಮಿಕ್ಸರ್ ಹೋಗುತ್ತಿತ್ತು. ಡೀಲರ್‌ಗೆ 3,200ಕ್ಕೆ ಬಿದ್ದದ್ದು ಗಿರಾಕಿಗೆ 3,600ಕ್ಕೆ. ಒಂದಕ್ಕೆ ನಾನೂರು ಉಳಿಯುತ್ತಿತ್ತು. ನಾಲ್ವರಲ್ಲಿ ಹಿರಿಯರು ಒಬ್ಬ ಕಛ್ಛಿ ಸೇಠ್. ಅವರ ಅಂಗಡಿಯ ಮುಂದೆ ಒಂದು ಟೇಬಲ್, ಅದರ ಮೇಲೆ ನಮ್ಮ ಮಿಕ್ಸರ್, ನೆನೆಸಿದ ಉದ್ದಿನಬೇಳೆ. ಬಂದ ಹೆಂಗಸರ ಎದುರೇ ಹಿಟ್ಟು ರುಬ್ಬಿ ತೋರಿಸುತ್ತಿದ್ದರು. ಜಾರ್ ಸೋರಿದರೆ ಎರಡು ನಿಮಿಷದಲ್ಲಿ ವಾಶರ್ ಬದಲಿಸಿ ಕೊಡುತ್ತಿದ್ದರು.

ಮಾರ್ಚ್ ಬಂತು. ಮೇಲಿನಿಂದ ಟಾರ್ಗೆಟ್. ನಾನು ಅದೇ ಪೇಟೆಯಲ್ಲಿ ಏಳು ಹೊಸ ಅಂಗಡಿ ತೆರೆದೆ, ಒಟ್ಟು ಹನ್ನೊಂದು. ಆ ತಿಂಗಳು ನನ್ನ ಬಿಲ್ಲಿಂಗ್ 190 ಮಿಕ್ಸರ್. ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು.

ಆದರೆ ಆ 190ರಲ್ಲಿ ಅಡುಗೆಮನೆ ಸೇರಿದ್ದು ನೂರರ ಆಸುಪಾಸು ಮಾತ್ರ. ಉಳಿದದ್ದು ಹೊಸ ಅಂಗಡಿಗಳ ಅಟ್ಟದಲ್ಲಿ ಕೂತಿತ್ತು. ಕಂಪನಿ ಡೀಲರ್‌ಗೆ ಹಾಕುವ ಬಿಲ್ಲು ಬೇರೆ, ಡೀಲರ್ ಗಿರಾಕಿಗೆ ಹಾಕುವ ಬಿಲ್ಲು ಬೇರೆ. ಮೊದಲನೆಯದು ಏರುತ್ತಾ ಎರಡನೆಯದು ನಿಂತಲ್ಲೇ ನಿಂತರೆ ಅದು ಮಾರಾಟವಲ್ಲ, ಗೋದಾಮು ಬದಲಾದದ್ದು. ನಾನು ಎರಡನೆಯದನ್ನು ನೋಡಲೇ ಇಲ್ಲ.

ಹೊಸಬರು ಅಟ್ಟ ಖಾಲಿ ಮಾಡಲು ಬೆಲೆ ಇಳಿಸಿದರು. 3,600 ಇದ್ದದ್ದು 3,450 ಆಯಿತು, ಕೊನೆಗೆ 3,290. ಗಿರಾಕಿಗಳು ಸೇಠ್‌ರ ಟೇಬಲ್ ಮುಂದೆ ಹಿಟ್ಟು ರುಬ್ಬುವುದನ್ನು ನೋಡಿ, ಎಲ್ಲ ಪ್ರಶ್ನೆ ಕೇಳಿ, ಎದುರಿನ ಅಂಗಡಿಯಲ್ಲಿ ಕೊಂಡರು. ರುಬ್ಬಿ ತೋರಿಸಿದವನಿಗೆ ಖರ್ಚು, ತೋರಿಸದವನಿಗೆ ವ್ಯಾಪಾರ. ತಿಂಗಳಿಗೆ ಹತ್ತು ಸಾವಿರ ಕೊಡುತ್ತಿದ್ದ ನಮ್ಮ ಮಿಕ್ಸರ್ ಸೇಠ್‌ರಿಗೆ ಈಗ ಕೊಡುತ್ತಿದ್ದದ್ದು ಸಾವಿರದಷ್ಟು: ಹನ್ನೆರಡು ಮಿಕ್ಸರ್, ಒಂದಕ್ಕೆ ತೊಂಬತ್ತು.

ಒಂದು ದಿನ ಹೋದಾಗ ಟೇಬಲ್ ಮೇಲೆ ಬೇರೆ ಕಂಪನಿಯ ಮಿಕ್ಸರ್ ಇತ್ತು. ಅವರು ನನ್ನ ಮೇಲೆ ಕೂಗಾಡಲಿಲ್ಲ. ಚಹಾ ತರಿಸಿ, "ಭಾಯಿ, ನಿಮ್ಮ ಮಾಲು ಒಳ್ಳೆಯದೇ. ಆದರೆ ನಾನು ಯಾಕೆ ಮಾರಲಿ ಹೇಳಿ" ಎಂದರು ಹಿಂದಿಯಲ್ಲಿ. ನನ್ನ ಬಳಿ ಉತ್ತರವಿರಲಿಲ್ಲ. ಆರು ತಿಂಗಳಲ್ಲಿ ಆ ಪೇಟೆಯ ಒಟ್ಟು ಮಾರಾಟ ಎಪ್ಪತ್ತಕ್ಕೆ ಇಳಿಯಿತು. ಅಂಗಡಿ ಹನ್ನೊಂದು, ಮಾರಾಟ ಮೊದಲಿಗಿಂತ ಮೂವತ್ತು ಕಡಿಮೆ.

ಸೆಲೆಕ್ಟಿವ್ ವಿತರಣೆ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ನನಗೆ ಗೊತ್ತಿಲ್ಲ. ಗಿರಾಕಿ ಎರಡು ಮೂರು ಅಂಗಡಿ ಸುತ್ತಿ ಹೋಲಿಸಿ ಕೊಳ್ಳುವ ಸಾಮಾನು, ಮಾರುವವನು ತೋರಿಸಿ ವಿವರಿಸಬೇಕಾದ ಸಾಮಾನು, ಆಮೇಲೆ ರಿಪೇರಿಗೂ ಬರುವ ಸಾಮಾನು. ಆ ಶ್ರಮಕ್ಕೆ ಡೀಲರ್‌ಗೆ ಮಾರ್ಜಿನ್ ಉಳಿಯಬೇಕು. ಅಂಗಡಿ ಕಡಿಮೆ ಇಟ್ಟರೆ ಮಾತ್ರ ಅದು ಉಳಿಯುತ್ತದೆ. ಹಾಗೆಂದು ಒಂದೇ ಅಂಗಡಿಗೆ ಕೊಟ್ಟರೆ ಹೋಲಿಸಲು ಹೊರಟ ಗಿರಾಕಿಯ ಕಣ್ಣಿಗೆ ನಾವು ಬೀಳುವುದೇ ಇಲ್ಲ. ಆದ್ದರಿಂದಲೇ ನಾಲ್ಕು.

"ಹಾಗಾದರೆ ಎಕ್ಸ್‌ಕ್ಲೂಸಿವ್ ಯಾವಾಗ?" ಎಂದಳು.

ಡೀಲರ್ ಹಾಕಬೇಕಾದ ದುಡ್ಡು ಎಷ್ಟು ಎಂದು ಕೇಳು ಎಂದೆ. ಮಣ್ಣು ಅಗೆಯುವ ಯಂತ್ರ, ಟ್ರಾಕ್ಟರ್, ಐಷಾರಾಮಿ ಕಾರು ತೆಗೆದುಕೊಳ್ಳಿ. ಶೋರೂಮ್ ಕಟ್ಟಬೇಕು, ವರ್ಕ್‌ಶಾಪ್ ಬೇಕು, ಬಿಡಿಭಾಗ ತುಂಬಿಡಬೇಕು, ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡಿಸಬೇಕು. ಕೋಟಿ ಹಾಕುವವನು ಪಕ್ಕದಲ್ಲೇ ಇನ್ನೊಬ್ಬ ಬರುವುದಿಲ್ಲ ಎಂಬ ಭರವಸೆ ಕೇಳುತ್ತಾನೆ. ಆ ಭರವಸೆಯೇ ಎಕ್ಸ್‌ಕ್ಲೂಸಿವ್: ಈ ಪ್ರದೇಶಕ್ಕೆ ನೀನೊಬ್ಬನೇ. ಗಿರಾಕಿಯೂ ಇಂಥದಕ್ಕೆ ಐವತ್ತು ಕಿಲೋಮೀಟರ್ ಬಂದಾನು. ಅಪಾಯವೂ ಅಲ್ಲೇ ಇದೆ. ಆ ಒಬ್ಬ ಡೀಲರ್ ಸೋಮಾರಿಯಾದರೆ ಇಡೀ ಜಿಲ್ಲೆಯಲ್ಲಿ ಕಂಪನಿಯ ಹೆಸರು ಕೆಡುತ್ತದೆ, ಬೇರೆ ಬಾಗಿಲಿಲ್ಲ.

ಇಲ್ಲಿ ಮಕ್ಕಳು ಮಾರ್ಕು ಕಳೆದುಕೊಳ್ಳುವ ಮೂರು ಕಡೆ ತೋರಿಸಿದೆ.

ಒಂದು, ಮೈಸೂರು ಸಿಲ್ಕ್ ಸೀರೆ. ಕೆಎಸ್‌ಐಸಿ ತನ್ನದೇ ಮಳಿಗೆಗಳಲ್ಲಿ ಮಾರುವುದರಿಂದ ಅದನ್ನು ಎಕ್ಸ್‌ಕ್ಲೂಸಿವ್ ಎಂದು ಬರೆದಿದ್ದಳು. ಸ್ವಂತ ಅಂಗಡಿಯಲ್ಲಿ ಮಾರುವುದು ನೇರ ಮಾರಾಟ. ಎಕ್ಸ್‌ಕ್ಲೂಸಿವ್ ಎನ್ನಲು ನಡುವೆ ಬೇರೊಬ್ಬ ವ್ಯಾಪಾರಿ ಇರಬೇಕು, ಅವನಿಗೆ ಪ್ರದೇಶದ ಹಕ್ಕು ಸಿಕ್ಕಿರಬೇಕು.

ಎರಡು, ಊರಿನ ಉಪ್ಪಿನಕಾಯಿ. ಮುಂಬಯಿಯಲ್ಲಿ ಅದು ಮಾಟುಂಗಾದ ಎರಡು ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಹಾಗಾಗಿ ಸೆಲೆಕ್ಟಿವ್ ಎಂದಳು. ಸಿಗದಿರುವುದು ಬೇರೆ, ಆರಿಸಿ ಕೊಡುವುದು ಬೇರೆ. ಇನ್ನೊಂದು ಅಂಗಡಿ ಕೇಳಿದರೆ ಕಂಪನಿ "ಇಲ್ಲ" ಎನ್ನುತ್ತದೆಯೇ? ಸಂತೋಷದಿಂದ ಕೊಡುತ್ತದೆ ಅಂದರೆ ಅದು ಇನ್ನೂ ಎಲ್ಲ ಕಡೆ ತಲುಪದ ಇಂಟೆನ್ಸಿವ್, ಅಷ್ಟೇ.

ಮೂರು, ಡೀಲರ್ ಬೇರೆ ಕಂಪನಿಯ ಮಾಲು ಇಡಬಾರದು ಎಂಬ ಷರತ್ತು. ಅದು ಕಂಪನಿ ಡೀಲರ್‌ಗೆ ಹಾಕುವ ಕಟ್ಟು. ಪ್ರದೇಶದಲ್ಲಿ ಬೇರೆ ಡೀಲರ್ ನೇಮಿಸುವುದಿಲ್ಲ ಎನ್ನುವುದು ಕಂಪನಿ ತನಗೇ ಹಾಕಿಕೊಳ್ಳುವ ಕಟ್ಟು. ಎರಡೂ ಒಟ್ಟಿಗೆ ಇರಬಹುದು, ಆದರೆ ಒಂದೇ ಅಲ್ಲ. ಇಂಥ ಒಪ್ಪಂದಗಳು ಸ್ಪರ್ಧೆಗೆ ಗಣನೀಯ ಧಕ್ಕೆ ತಂದರೆ 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಅಡಿಯಲ್ಲಿ ಪ್ರಶ್ನೆಗೆ ಬರುತ್ತವೆ. ಡೀಲರ್ ಇಂಥ ಬೆಲೆಗಿಂತ ಕಡಿಮೆಗೆ ಮಾರಬಾರದು ಎಂದು ಕಟ್ಟಿಹಾಕುವುದೂ ಅದೇ ಸಾಲಿಗೆ ಸೇರುತ್ತದೆ. ನನ್ನ ಮಿಕ್ಸರ್ ಪೇಟೆಯನ್ನು ಬೆಲೆ ಕಟ್ಟಿಹಾಕಿ ಉಳಿಸಲು ಹೊರಡುವುದು ಅಪಾಯದ ದಾರಿ. ಡೀಲರ್‌ಗಳ ಸಂಖ್ಯೆಯನ್ನು ಮೊದಲೇ ಯೋಚಿಸಿ ಇಡುವುದೇ ಕ್ಷೇಮ.

ಅವಳು ಪುಟ ತಿರುಗಿಸಿ ಹೋಲಿಕೆಯ ಪಟ್ಟಿ ಅಳಿಸಿ ಹೊಸದಾಗಿ ಬರೆದಳು. ಬೆಲೆಯ ಸಾಲು ಹೋಯಿತು. ಅಲ್ಲಿ ಮೂರು ಪ್ರಶ್ನೆ ಬಂದವು. ಗಿರಾಕಿ ಇದಕ್ಕಾಗಿ ಎಷ್ಟು ದೂರ ನಡೆಯುತ್ತಾನೆ? ಮಾರುವವನು ಎಷ್ಟು ಶ್ರಮ ಪಡಬೇಕು? ಮಾರುವವನು ಎಷ್ಟು ದುಡ್ಡು ಹೂಡಬೇಕು? ಮೂರಕ್ಕೂ "ಸ್ವಲ್ಪ" ಎಂದರೆ ಎಲ್ಲ ಅಂಗಡಿ. ಮೂರಕ್ಕೂ "ಬಹಳ" ಎಂದರೆ ಒಂದೇ ಅಂಗಡಿ. ನಡುವೆ ಇದ್ದರೆ ಆರಿಸಿದ ಅಂಗಡಿ.

ಹೋಗುವಾಗ ಬಾಗಿಲಲ್ಲಿ ನಿಂತು, "ಆ ಸೇಠ್ ಆಮೇಲೆ ನಿಮ್ಮ ಮಿಕ್ಸರ್ ಇಟ್ಟರಾ ಮಾವ?" ಎಂದು ಕೇಳಿದಳು.

ಇಡಲಿಲ್ಲ. ನಾನು ಏಳರಲ್ಲಿ ಐದು ಅಂಗಡಿಯ ಮಾಲು ವಾಪಸ್ ತೆಗೆದುಕೊಂಡು, ಬೈಗುಳ ತಿಂದು, ಮತ್ತೆ ಅವರ ಬಳಿ ಹೋಗಿದ್ದೆ. ಚಹಾ ಕೊಟ್ಟರು. ಮಾಲು ಮಾತ್ರ ತೆಗೆದುಕೊಳ್ಳಲಿಲ್ಲ.