ಬಿಲ್ಲಿನ ಕೆಳಸಾಲಿನಿಂದ ಸೋಡಿಯ ಪಾಠ ಶುರುವಾಗಲಿ

ಪಿಯುಸಿ ಲೆಕ್ಕಶಾಸ್ತ್ರದ ತರಗತಿಗಳಲ್ಲಿ ನಗದು ಸೋಡಿಯ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಒಂದೇ ರೀತಿ ಮಾಡುತ್ತಾರೆ. ‘ರೂ. 10,000 ಬಾಕಿಗೆ ರೂ. 9,800 ಪಾವತಿಸಿ ಪೂರ್ಣ ಚುಕ್ತಾ ಮಾಡಲಾಯಿತು’ ಎಂಬ ವಾಕ್ಯ ಕರಿಹಲಗೆಯ ಮೇಲೆ ಬರುತ್ತದೆ, ಮಕ್ಕಳು 200 ರೂಪಾಯಿಯನ್ನು ‘ಪಡೆದ ಸೋಡಿ’ಗೆ ಕ್ರೆಡಿಟ್ ಮಾಡುತ್ತಾರೆ, ಪಾಠ ಮುಗಿಯುತ್ತದೆ. ನಮೂದು ಸರಿಯೇ ಇದೆ. ಆದರೆ ಆ 200 ಎಲ್ಲಿಂದ ಬಂತು, ಅದು ಸಿಗಲೇಬೇಕಾಗಿತ್ತೇ ಎಂಬುದನ್ನು ಪ್ರಶ್ನೆಯೇ ಮೊದಲು ತೀರ್ಮಾನಿಸಿಬಿಟ್ಟಿದೆ. ಅಂಗಡಿಯ ಗುಮಾಸ್ತನಿಗೆ ಯಾರೂ ಹಾಗೆ ತೀರ್ಮಾನಿಸಿ ಕೊಡುವುದಿಲ್ಲ. ಅವನು ಅದನ್ನು ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಸಾಲಿನಿಂದ ಓದಿ ತೆಗೆಯಬೇಕು. ಪಾಠವೂ ಆ ಸಾಲಿನಿಂದಲೇ ಶುರುವಾಗಬೇಕು ಎನ್ನುವುದು ನನ್ನ ಅಭಿಪ್ರಾಯ.

ಹುಬ್ಬಳ್ಳಿಯ ಜವಳಿ ಸಾಲಿನ ಅಂಗಡಿಯೊಂದಕ್ಕೆ ಬೆಂಗಳೂರಿನಿಂದ ಬಟ್ಟೆ ಬಂದಿದೆ ಎಂದುಕೊಳ್ಳೋಣ. ತರಗತಿಗಾಗಿ ನಾನು ಕಟ್ಟಿಕೊಂಡ ಬಿಲ್ಲು ಇದು: ದಿನಾಂಕ 2025ರ ನವೆಂಬರ್ 3, ಸರಕಿನ ಮೌಲ್ಯ ರೂ. 40,000, ಸಿಜಿಎಸ್‌ಟಿ ಶೇ. 2.5ರಂತೆ ರೂ. 1,000, ಎಸ್‌ಜಿಎಸ್‌ಟಿ ರೂ. 1,000, ಒಟ್ಟು ರೂ. 42,000. ಕೆಳಸಾಲು ಹೀಗಿದೆ: ‘ಬಿಲ್ ದಿನಾಂಕದಿಂದ 10 ದಿನದೊಳಗೆ ಹಣ ನಮ್ಮ ಬ್ಯಾಂಕ್ ಖಾತೆಗೆ ಜಮೆಯಾದರೆ ಸರಕಿನ ಮೌಲ್ಯದ ಮೇಲೆ ಶೇ. 2 ಸಿ.ಡಿ.; ಪಾವತಿ ಅವಧಿ 30 ದಿನ.’ ಸಿ.ಡಿ. ಎಂದರೆ ಕ್ಯಾಶ್ ಡಿಸ್ಕೌಂಟ್, ನಾವು ತರಗತಿಯಲ್ಲಿ ಹೇಳುವ ನಗದು ಸೋಡಿ.

ಈ ಸಾಲಿಗೆ ಮಕ್ಕಳು ಮೊದಲು ಎರಡು ಪ್ರಶ್ನೆ ಕೇಳಲಿ. ಮೊದಲನೆಯದು, ದಿನ ಎಲ್ಲಿಂದ ಎಲ್ಲಿಯವರೆಗೆ? ಸರಕು ನವೆಂಬರ್ 6ಕ್ಕೆ ಅಂಗಡಿ ತಲುಪಿರಬಹುದು, ಆದರೆ ಎಣಿಕೆ ಬಿಲ್ ದಿನಾಂಕದಿಂದ. ಬಿಲ್ಲಿನ ದಿನವನ್ನು ಬಿಟ್ಟು ಎಣಿಸಿದರೆ ನವೆಂಬರ್ 13 ಕೊನೆಯ ದಿನ. ‘ಜಮೆಯಾದರೆ’ ಎಂದಿರುವುದರಿಂದ 13ರ ಸಂಜೆ ಚೆಕ್ ಬರೆದು ಕೊಟ್ಟರೆ ಸಾಲದು. ಎರಡನೆಯದು, ಶೇ. 2 ಯಾವುದರ ಮೇಲೆ? ಇಲ್ಲಿ ಸರಕಿನ ಮೌಲ್ಯದ ಮೇಲೆ, ಅಂದರೆ ರೂ. 800. ಕೆಳಸಾಲಿನಲ್ಲಿ ‘ಬಿಲ್ಲಿನ ಮೊತ್ತದ ಮೇಲೆ’ ಎಂದಿದ್ದರೆ ರೂ. 840 ಆಗುತ್ತಿತ್ತು.

ಇನ್ನು ಕಿರ್ದಿಗೆ ಬರೋಣ. ಬಿಲ್ಲು ಬಂದಾಗ ಸೋಡಿಯ ಸುದ್ದಿಯೇ ಬೇಡ. ಖರೀದಿ ಖಾತೆಗೆ ರೂ. 40,000, ಎರಡು ಹೂಡುವಳಿ ತೆರಿಗೆ ಖಾತೆಗಳಿಗೆ ತಲಾ ರೂ. 1,000 ಡೆಬಿಟ್, ಸರಬರಾಜುದಾರರ ಖಾತೆಗೆ ರೂ. 42,000 ಕ್ರೆಡಿಟ್. ಹಲವು ಪ್ರಶಿಕ್ಷಣಾರ್ಥಿಗಳು ಇಲ್ಲಿಯೇ ಖರೀದಿಯನ್ನು ರೂ. 39,200 ಎಂದು ತೋರಿಸಲು ಹೋಗುತ್ತಾರೆ. ವ್ಯಾಪಾರಿ ಸೋಡಿಯ ನಿಯಮವನ್ನು ನಗದು ಸೋಡಿಗೂ ಹಚ್ಚುವುದರಿಂದ ಹೀಗಾಗುತ್ತದೆ. ವ್ಯಾಪಾರಿ ಸೋಡಿ ಬಿಲ್ಲಿನ ಒಡಲಲ್ಲಿಯೇ ಕಳೆದುಹೋಗಿರುತ್ತದೆ, ಅದಕ್ಕೆ ನಮೂದಿಲ್ಲ. ನಗದು ಸೋಡಿ ಇನ್ನೂ ಆಗಿರದ ಒಂದು ಘಟನೆಗೆ, ಅಂದರೆ ಬೇಗ ಹಣ ಕೊಡುವುದಕ್ಕೆ, ಕಟ್ಟಿದ ಷರತ್ತು. ಆ ಘಟನೆ ನಡೆದ ದಿನವೇ ಅದು ಲೆಕ್ಕಕ್ಕೆ ಬರಬೇಕು. ಬಿಲ್ಲು ಮಾರ್ಚ್ 28ರದ್ದಾಗಿ ಹಣ ಏಪ್ರಿಲ್ 4ಕ್ಕೆ ಹೋದರೆ ಸೋಡಿ ಹೊಸ ವರ್ಷದ ಲೆಕ್ಕಕ್ಕೆ ಸೇರುತ್ತದೆ.

ಅದನ್ನು ಪ್ರತ್ಯೇಕ ಖಾತೆಯಲ್ಲಿ ತೋರಿಸಲು ಇನ್ನೊಂದು ಕಾರಣವಿದೆ. 30ನೇ ದಿನದ ಬದಲು 10ನೇ ದಿನ ಕೊಟ್ಟರೆ ಅಂಗಡಿಯವರು 20 ದಿನ ಮೊದಲು ಹಣ ಬಿಟ್ಟುಕೊಡುತ್ತಾರೆ. ಬ್ಯಾಂಕಿನ ಓವರ್‌ಡ್ರಾಫ್ಟಿನಿಂದ ಶೇ. 12ರ ಬಡ್ಡಿಗೆ ರೂ. 41,200 ತೆಗೆದು ಕೊಟ್ಟರೂ 20 ದಿನದ ಬಡ್ಡಿ ಸುಮಾರು ರೂ. 271, ಉಳಿಯುವ ಸೋಡಿ ರೂ. 800. ಈ ಹೋಲಿಕೆ ಮಾಡಿಸಿದರೆ ಸೋಡಿ ಸರಕಿನ ಬೆಲೆಯಲ್ಲ, ಹಣದ ಬೆಲೆ ಎಂಬುದು ವ್ಯಾಖ್ಯೆ ಬಾಯಿಪಾಠವಿಲ್ಲದೆ ತಿಳಿಯುತ್ತದೆ.

ನವೆಂಬರ್ 12ರಂದು ಹಣ ಜಮೆಯಾಯಿತು ಎನ್ನೋಣ. ಸರಬರಾಜುದಾರರ ಖಾತೆಗೆ ರೂ. 42,000 ಡೆಬಿಟ್, ಬ್ಯಾಂಕ್ ಖಾತೆಗೆ ರೂ. 41,200, ಪಡೆದ ಸೋಡಿ ಖಾತೆಗೆ ರೂ. 800 ಕ್ರೆಡಿಟ್. ಸರಬರಾಜುದಾರರು ಈ ಸೋಡಿಗೆ ತೆರಿಗೆಯಿಲ್ಲದ, ಬರೀ ವಾಣಿಜ್ಯ ಕ್ರೆಡಿಟ್ ನೋಟ್ ಕೊಟ್ಟರೆ ತೆರಿಗೆ ಖಾತೆಗಳನ್ನು ಮುಟ್ಟಬೇಕಾಗಿಲ್ಲ. ಅಂಥ ನೋಟ್ ಬಂದರೆ ಖರೀದಿದಾರರು ಹೂಡುವಳಿ ತೆರಿಗೆಯನ್ನು ಹಿಂತಿರುಗಿಸಬೇಕಿಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆಗಳು ಮತ್ತು ಸುಂಕ ಮಂಡಳಿ 2025ರ ಸೆಪ್ಟೆಂಬರ್ 12ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ.

ಸರಬರಾಜುದಾರರು ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಂತೆ ತೆರಿಗೆ ಸಹಿತ ಕ್ರೆಡಿಟ್ ನೋಟ್ ಕೊಟ್ಟರೆ ಚಿತ್ರ ಬದಲಾಗುತ್ತದೆ. ಆಗ ನೋಟ್‌ನಲ್ಲಿ ಸೋಡಿ ರೂ. 800, ಅದರ ಮೇಲಿನ ತೆರಿಗೆ ರೂ. 40, ಒಟ್ಟು ರೂ. 840. ಕೊಡಬೇಕಾದ ಹಣ ರೂ. 41,160. ಕ್ರೆಡಿಟ್ ಆಗುವುದು ಬ್ಯಾಂಕ್ ರೂ. 41,160, ಪಡೆದ ಸೋಡಿ ರೂ. 800, ಹೂಡುವಳಿ ಸಿಜಿಎಸ್‌ಟಿ ರೂ. 20, ಎಸ್‌ಜಿಎಸ್‌ಟಿ ರೂ. 20.

ಈಗ ಹಿಂದಿನ ರೂ. 840ನ್ನು ನೆನಪಿಸಿಕೊಳ್ಳಿ. ‘ಬಿಲ್ಲಿನ ಮೊತ್ತದ ಮೇಲೆ ಶೇ. 2’ ಎಂದಿದ್ದು ತೆರಿಗೆಯಿಲ್ಲದ ನೋಟ್ ಬಂದಿದ್ದರೂ ಕೊಡುವ ಹಣ ಅದೇ ರೂ. 41,160. ಆದರೆ ಆಗ ಸೋಡಿ ರೂ. 840, ಹೂಡುವಳಿ ತೆರಿಗೆ ಪೂರ್ತಿ ರೂ. 2,000 ಉಳಿಯುತ್ತದೆ. ಬ್ಯಾಂಕಿನಿಂದ ಹೋದ ಹಣ ಒಂದೇ, ನಮೂದು ಎರಡು. ಬ್ಯಾಂಕ್ ಪಾಸ್‌ಬುಕ್ ನೋಡಿ ಯಾರೂ ಇದನ್ನು ಹೇಳಲಾರರು. ಬಿಲ್ಲಿನ ಕೆಳಸಾಲು ಮತ್ತು ಕ್ರೆಡಿಟ್ ನೋಟ್ ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡೇ ಹೇಳಬೇಕು. ಪಾವತಿಯ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕುವ ನಮ್ಮ ಪ್ರಶ್ನೆಗಳು ಮಕ್ಕಳಿಗೆ ಕಲಿಸದೆ ಬಿಡುವುದು ಇದನ್ನೇ.

ತಪ್ಪನ್ನು ಹಿಡಿಯುವ ಬಗೆಯನ್ನೂ ಪಾಠಕ್ಕೆ ಸೇರಿಸಬಹುದು. ಹಣ 15ನೇ ತಾರೀಖಿಗೆ ಜಮೆಯಾಗಿಯೂ ಗುಮಾಸ್ತ ರೂ. 800 ಕಳೆದಿದ್ದರೆ ನಮ್ಮ ಪುಸ್ತಕದಲ್ಲಿ ಸರಬರಾಜುದಾರರ ಖಾತೆ ಚುಕ್ತಾ ಆಗಿರುತ್ತದೆ, ಅವರು ಕಳಿಸುವ ಖಾತೆ ಉತಾರದಲ್ಲಿ ಮಾತ್ರ ರೂ. 800 ಬಾಕಿ ನಿಂತಿರುತ್ತದೆ. ಅವರು ಒಪ್ಪಿ ಬಿಟ್ಟುಕೊಡದಿದ್ದರೆ ಪಡೆದ ಸೋಡಿಗೆ ಡೆಬಿಟ್, ಸರಬರಾಜುದಾರರಿಗೆ ಕ್ರೆಡಿಟ್ ಮಾಡಿ ಬಾಕಿಯನ್ನು ಮತ್ತೆ ಎಬ್ಬಿಸಬೇಕು.

ಪ್ರಥಮ ಪಿಯುಸಿ ಮಕ್ಕಳಿಗೆ ಇದೆಲ್ಲ ಭಾರವಾಗುತ್ತದೆ, ಪರೀಕ್ಷೆಯಲ್ಲಿ ಬರುವುದು ಒಂದೇ ಸಾಲಿನ ವ್ಯವಹಾರ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ನಾನು ಎರಡು ಅವಧಿಗಳ ಪಾಠ ಯೋಜನೆಯನ್ನು ಸೂಚಿಸುತ್ತೇನೆ. ಮೊದಲ ಅವಧಿಯಲ್ಲಿ ತೆರಿಗೆಯಿಲ್ಲದ ಬಿಲ್ಲು, ಎರಡು ಪ್ರಶ್ನೆ, ಎರಡು ನಮೂದು. ಇದು ಪರೀಕ್ಷೆಗೂ ಸಾಕು. ಎರಡನೆಯ ಅವಧಿಯಲ್ಲಿ ತೆರಿಗೆಯ ಬಿಲ್ಲನ್ನೂ ಎರಡು ಬಗೆಯ ಕ್ರೆಡಿಟ್ ನೋಟನ್ನೂ ಗುಂಪುಗಳಿಗೆ ಹಂಚಿ, ರೂ. 41,160 ಪಾವತಿಗೆ ನಮೂದು ಬರೆಯಲು ಹೇಳಿ. ಗುಂಪುಗಳ ಉತ್ತರ ಬೇರೆಬೇರೆ ಬಂದಾಗ ಶಿಕ್ಷಕರು ಬಾಯಿ ಹಾಕದೆ, ಪ್ರತಿ ಗುಂಪು ತನ್ನ ಕಾಗದದ ಯಾವ ಸಾಲನ್ನು ಆಧರಿಸಿತು ಎಂದು ಓದಿ ತೋರಿಸಲಿ.

ವೀಕ್ಷಕರಾಗಿ ಹಿಂದಿನ ಬೆಂಚಿನಲ್ಲಿ ಕೂರುವ ನಾವು ಕೂಡ ಮೌಲ್ಯಮಾಪನ ಹಾಳೆಯಲ್ಲಿ ‘ನಮೂದು ಸರಿಯಿದೆ’ ಎಂದು ಗುರುತು ಹಾಕುವ ಮೊದಲು, ಮಕ್ಕಳ ಕೈಯಲ್ಲಿ ಬಿಲ್ಲು ಇತ್ತೇ ಎಂದು ನೋಡಬೇಕು.