ಕಾದೆಣ್ಣೆಯ ಬೆಂಕಿಗೆ ಕಂಬಳಿಯೋ, ಸಿಲಿಂಡರೋ?

ಸೀತೂರಿನಿಂದ ಕೊಪ್ಪಕ್ಕೋ ನರಸಿಂಹರಾಜಪುರಕ್ಕೋ ಹೊರಟವರು ದಾರಿಯ ಬದಿಯ ಯಾವುದಾದರೊಂದು ಸಣ್ಣ ಹೋಟೆಲಿನಲ್ಲಿ ಬೋಂಡ ತಿಂದು ಕಾಫಿ ಕುಡಿಯುವುದು ವಾಡಿಕೆ. ಅಂತಹ ಹೋಟೆಲುಗಳ ಗೋಡೆಯ ಮೇಲೆ ಕೆಂಪು ಬಣ್ಣದ, ಬೆಂಕಿ ನಂದಿಸುವ ಸಿಲಿಂಡರೊಂದು ತೂಗಾಡುವುದನ್ನು ಕಾಣಬಹುದು. ಅದರ ಮೇಲೆ ಸಾಮಾನ್ಯವಾಗಿ ಎ-ಬಿ-ಸಿ ಎಂಬ ಮೂರಕ್ಷರಗಳಿರುತ್ತವೆ. ಒಳಗೆ ಹಳದಿ ಛಾಯೆಯ ಒಣ ಪುಡಿ ಇರುತ್ತದೆ. ಇದೊಂದಿದ್ದರೆ ಅಡುಗೆಮನೆಯ ರಕ್ಷಣೆ ಮುಗಿಯಿತೆಂದು ಮಾಲೀಕರು ನಂಬಿರುತ್ತಾರೆ. ಈ ನಂಬಿಕೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಅಡುಗೆಮನೆಯಲ್ಲಿ ಅತ್ಯಂತ ಭಯಂಕರವಾದ ಬೆಂಕಿ ಹುಟ್ಟುವುದು ಬೋಂಡದ ಬಾಣಲೆಯಲ್ಲಿ. ಆ ಬೆಂಕಿಗೇ ಈ ಪುಡಿ ತಕ್ಕ ಮದ್ದಲ್ಲ.

ಮೊದಲು ಎಣ್ಣೆ ತಾನಾಗಿ ಹೊತ್ತಿಕೊಳ್ಳುವುದು ಹೇಗೆಂಬುದನ್ನು ನೋಡೋಣ. ಬೋಂಡ ಕರಿಯುವ ಎಣ್ಣೆಯ ಉಷ್ಣತೆ ಸುಮಾರು 180 ಡಿಗ್ರಿ ಸೆಂಟಿಗ್ರೇಡ್. ಕರಿದು ಮುಗಿದ ಮೇಲೆ ಒಲೆಯನ್ನು ಆರಿಸಲು ಮರೆತರೆ ಉಷ್ಣತೆ ಏರುತ್ತಲೇ ಹೋಗುತ್ತದೆ. 200 ಡಿಗ್ರಿ ದಾಟಿದ ಬಳಿಕ ಹೊಗೆಯಾಡತೊಡಗುತ್ತದೆ. ಸುಮಾರು 360 ಡಿಗ್ರಿಯ ಆಸುಪಾಸಿನಲ್ಲಿ ಕಿಡಿಯ ಸೋಂಕಿಲ್ಲದೆಯೇ ಎಣ್ಣೆಯ ಆವಿ ಭುಗ್ಗೆಂದು ಹೊತ್ತಿಕೊಳ್ಳುತ್ತದೆ. ಇದಕ್ಕೆಷ್ಟು ಹೊತ್ತು ಬೇಕು? ಮನೆಯ ಬಾಣಲೆಯಲ್ಲಿ ಒಂದು ಕಿಲೋಗ್ರಾಂ ಎಣ್ಣೆ ಇದೆಯೆನ್ನಿ. ಅದನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 2200 ಜೂಲ್ ಬೇಕು. 180 ಡಿಗ್ರಿ ಏರಿಸಲು ಸುಮಾರು ನಾಲ್ಕು ಲಕ್ಷ ಜೂಲ್. ಗ್ಯಾಸ್ ಒಲೆಯಿಂದ ಎಣ್ಣೆಗೆ ಸೆಕೆಂಡಿಗೆ 1200 ಜೂಲ್ ಸೇರುತ್ತಿದ್ದರೆ ಐದೂವರೆ ನಿಮಿಷ ಸಾಕು. ಬಾಣಲೆಯೂ ಕಾಯಬೇಕು, ಗಾಳಿಗೂ ಒಂದಷ್ಟು ಶಾಖ ಸೋರಿಹೋಗುತ್ತದೆ ಎಂದು ಲೆಕ್ಕ ಹಿಡಿದರೂ ಎಂಟು ಹತ್ತು ನಿಮಿಷ. ಬಾಗಿಲಿಗೆ ಬಂದ ನೆಂಟರೊಡನೆ ಎರಡು ಮಾತಾಡಿ ಬರುವಷ್ಟರಲ್ಲಿ ಇದು ಸಂಭವಿಸಬಹುದು.

ಆಗ ನೀರೆರಚಿದರೆ ಆಗುವ ಅನಾಹುತ ಬಹುಮಂದಿಗೆ ತಿಳಿದಿದೆ. ನೀರು ಎಣ್ಣೆಗಿಂತ ಭಾರ. ಅದು ತಳಕ್ಕಿಳಿದು ಒಮ್ಮೆಲೇ ಉಗಿಯಾಗುತ್ತದೆ. ಒಂದು ಲೋಟ, ಎಂದರೆ 200 ಮಿಲಿಲೀಟರ್ ನೀರು, 300 ಲೀಟರಿಗೂ ಮಿಕ್ಕಿ ಉಗಿಯಾಗಿ ಹಿಗ್ಗುತ್ತದೆ. ಆ ಉಗಿ ಉರಿಯುವ ಎಣ್ಣೆಯನ್ನು ತುಂತುರಾಗಿ ಮಾಡಿನವರೆಗೂ ಹಾರಿಸುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಒಲೆಯ ಮೇಲೆಯೇ ಅಟ್ಟವಿದ್ದು, ಅಲ್ಲಿ ಸೌದೆಯೋ ಅಡಕೆಯೋ ಒಣಗುತ್ತಿರುವುದುಂಟು; ಮುಂದಿನದನ್ನು ಹೇಳಬೇಕಾಗಿಲ್ಲ. ನೀರು ತೊಟ್ಟಿಕ್ಕುವ ಒದ್ದೆ ಗೋಣಿಯನ್ನು ಹಾಕುವ ರೂಢಿಯನ್ನೂ ಇದೇ ಕಾರಣದಿಂದ ನಾವು ಒಪ್ಪಲಾರೆವು.

ಒಣ ಪುಡಿಯ ಸಿಲಿಂಡರು ಜ್ವಾಲೆಯನ್ನೇನೋ ಕ್ಷಣಮಾತ್ರದಲ್ಲಿ ಕೆಡಹುತ್ತದೆ. ಆದರೆ ಜ್ವಾಲೆ ಆರಿದ ಮಾತ್ರಕ್ಕೆ ಎಣ್ಣೆ ತಣಿಯಲಿಲ್ಲ. ಅದು ಇನ್ನೂ 360 ಡಿಗ್ರಿಯಲ್ಲಿಯೇ ಇದೆ. ಪುಡಿ ಕೆಳಗೆ ಕುಳಿತು ಗಾಳಿ ಮತ್ತೆ ತಾಕಿದೊಡನೆ ಪುನಃ ಹೊತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಸಿಲಿಂಡರು ಬರಿದಾಗಿರುತ್ತದೆ. ಸಾಲದುದಕ್ಕೆ, ಹತ್ತಿರದಿಂದ ಹೊಡೆದರೆ ಅದರ ರಭಸಕ್ಕೆ ಎಣ್ಣೆಯೇ ಬಾಣಲೆಯಿಂದ ಚಿಮ್ಮುತ್ತದೆ. ಇಂಗಾಲದ ಡೈಆಕ್ಸೈಡಿನ ಸಿಲಿಂಡರಿಗೂ ಇವೇ ಎರಡು ದೋಷಗಳಿವೆ. ಅದು ವಿದ್ಯುತ್ ಸ್ವಿಚ್ಚುಗಳ, ಮಿಕ್ಸರು ಗ್ರೈಂಡರುಗಳ ಬೆಂಕಿಗೆ ಒಳ್ಳೆಯದು, ಬಾಣಲೆಗಲ್ಲ.

ಹಾಗಾದರೆ ಬಾಣಲೆಗೆ ಬೇಕಾದುದು ಎರಡು ಕೆಲಸ: ಗಾಳಿಯನ್ನು ತಡೆಯುವುದು, ಮತ್ತು ಎಣ್ಣೆ ತಣಿಯುವವರೆಗೂ ತಡೆದೇ ಇರುವುದು. ಮನೆಯಲ್ಲಿ ಇದನ್ನು ಮಾಡಲು ಎಲ್ಲಕ್ಕಿಂತ ಅಗ್ಗದ ಸಾಧನ ಬಾಣಲೆಗೆ ಸರಿಯಾಗಿ ಕೂರುವ ಲೋಹದ ಮುಚ್ಚಳ. ಉರಿ ಇನ್ನೂ ಸಣ್ಣದಾಗಿರುವಾಗ ಅದನ್ನು ಬದಿಯಿಂದ ಜಾರಿಸಿ ಮುಚ್ಚಬೇಕು. ಮುಚ್ಚಳ ಕೈಗೆ ಸಿಗದಿದ್ದಲ್ಲಿ ಗಾಜಿನ ನಾರಿನಿಂದ ನೇಯ್ದ ಅಗ್ನಿನಿರೋಧಕ ಕಂಬಳಿ. ಅದರ ಅಂಚನ್ನು ಕೈಗಳ ಮೇಲೆ ಮಡಚಿಕೊಂಡು, ಮುಖಕ್ಕೆ ಅಡ್ಡವಾಗಿ ಹಿಡಿದು, ನಮ್ಮ ಬದಿಯಿಂದ ಆಚೆಗೆ ಮೆಲ್ಲನೆ ಹಾಸಬೇಕು, ಎಸೆಯಬಾರದು. ಒಲೆಯನ್ನು ಆರಿಸಿ ಕನಿಷ್ಠ ಅರ್ಧ ಗಂಟೆ ಮುಟ್ಟದಿರಬೇಕು. ಆರಿತೇ ಎಂದು ಇಣುಕಿ ನೋಡುವ ಕುತೂಹಲವೇ ಹಲವರ ಕೈ ಸುಟ್ಟಿದೆ.

ಈ ಕಂಬಳಿಗೂ ಒಂದು ಮಿತಿಯುಂಟು. ಕಾದೆಣ್ಣೆಯ ಆವಿ ಬಟ್ಟೆಯ ಕೆಳಗೆ ತಂಗಿ, ನೇಯ್ಗೆಯ ರಂಧ್ರಗಳಲ್ಲಿ ದೀಪದ ಬತ್ತಿಯಲ್ಲಿ ಏರಿದಂತೆ ಏರಿ, ಮೇಲ್ಗಡೆ ಹೊತ್ತಿಕೊಳ್ಳಬಲ್ಲುದು. 2010ರ ದಶಕದಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಮಾರುಕಟ್ಟೆಯ ಕಂಬಳಿಗಳನ್ನು ಪರೀಕ್ಷಿಸಿದಾಗ ಅನೇಕವು ಹೀಗೆಯೇ ಸೋತವು. ಯುರೋಪಿನ ಮಾನಕವನ್ನು 2019ರಲ್ಲಿ ಪರಿಷ್ಕರಿಸಲಾಯಿತು. ಆದ್ದರಿಂದ ಒಂದೆರಡು ಲೀಟರ್ ಎಣ್ಣೆಯ ಮನೆಯ ಬಾಣಲೆಗೆ ಮಾತ್ರ ನಾವು ಕಂಬಳಿಯನ್ನು ಸೂಚಿಸುತ್ತೇವೆ. (ಮಲೆನಾಡಿನ ಕರಿಕಂಬಳಿ ಬಾಣಲೆಗೆ ತಕ್ಕುದಲ್ಲ, ಉಣ್ಣೆ ಎಣ್ಣೆಯನ್ನು ಹೀರುತ್ತದೆ. ಆದರೆ ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿದವರಿಗೆ ಸುತ್ತಲು ಅದು ಈಗಲೂ ಯೋಗ್ಯವೇ.)

ಹೋಟೆಲಿನ ದೊಡ್ಡ ಬಾಣಲೆಯಲ್ಲಿ ಐದಾರು ಲೀಟರ್ ಎಣ್ಣೆ ಇರುತ್ತದೆ. ಅದರ ಬಾಯಿಯ ಅಗಲಕ್ಕೆ ಕಂಬಳಿ ಹಿಡಿದು ಮುಂದುವರಿಯುವುದು ಸಾಹಸವೇ ಸರಿ. ಅಲ್ಲಿಗೆ ಬೇಕಾದುದು ಆರ್ದ್ರ ರಾಸಾಯನಿಕದ ಸಿಲಿಂಡರು. ಅದರ ಮೇಲೆ ಎಫ್ ಅಥವಾ ಕೆ ಎಂಬ ಅಕ್ಷರ ನಮೂದಾಗಿರುತ್ತದೆ. ಒಳಗಿರುವುದು ಪೊಟ್ಯಾಸಿಯಂ ಲವಣಗಳ ದ್ರಾವಣ. ನೀರು ಕೂಡದೆಂದು ಈಗಷ್ಟೇ ಹೇಳಿ, ನೀರೇ ತುಂಬಿದ ಸಿಲಿಂಡರನ್ನು ಹೊಗಳುವುದೆಂತು ಎಂದು ವಿದ್ಯಾರ್ಥಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ವ್ಯತ್ಯಾಸವಿರುವುದು ಹನಿಯ ಗಾತ್ರದಲ್ಲಿ ಮತ್ತು ವೇಗದಲ್ಲಿ. ಉದ್ದನೆಯ ಕೊಳವೆಯ ತುದಿಯಿಂದ ದ್ರಾವಣ ಸಣ್ಣ ಹನಿಗಳಾಗಿ ಮೆಲ್ಲನೆ ಬೀಳುತ್ತದೆ. ಹನಿಗಳು ತಳಕ್ಕಿಳಿಯುವ ಮುನ್ನವೇ ಮೇಲ್ಮೈಯಲ್ಲಿ ಆವಿಯಾಗುತ್ತವೆ. ಜೊತೆಗೆ ಕ್ಷಾರಗುಣದ ಲವಣ ಎಣ್ಣೆಯೊಡನೆ ಕೂಡಿ ಸಾಬೂನಿನ ನೊರೆಯಾಗಿ, ಬಾಣಲೆಯ ಮೇಲೆ ಕೆನೆಯಂತೆ ಮುಚ್ಚಿಕೊಳ್ಳುತ್ತದೆ. ಎ-ಬಿ-ಸಿ ಪುಡಿಯ ಮುಖ್ಯ ಅಂಶವಾದ ಅಮೋನಿಯಂ ಫಾಸ್ಫೇಟ್ ಆಮ್ಲಗುಣದ್ದು. ಅದರಿಂದ ಸಾಬೂನು ಹುಟ್ಟಲಾರದು.

ತಣಿಸುವ ಶಕ್ತಿಯನ್ನೂ ಅಳೆಯೋಣ. ಐದು ಕಿಲೋಗ್ರಾಂ ಎಣ್ಣೆಯನ್ನು 360ರಿಂದ 200 ಡಿಗ್ರಿಗೆ ಇಳಿಸಲು ಸುಮಾರು 17 ಲಕ್ಷ 60 ಸಾವಿರ ಜೂಲ್ ಶಾಖವನ್ನು ತೆಗೆಯಬೇಕು. ಒಂದು ಲೀಟರ್ ನೀರು ಕಾದು ಆವಿಯಾಗುವಾಗ ಸುಮಾರು 25 ಲಕ್ಷ ಜೂಲ್ ಹೀರುತ್ತದೆ. ಎಲ್ಲ ಹನಿಯೂ ಎಣ್ಣೆಯ ಶಾಖದಿಂದಲೇ ಆವಿಯಾಯಿತೆಂದರೆ ಮುಕ್ಕಾಲು ಲೀಟರೇ ಸಾಕು. ಒಂದಷ್ಟು ವ್ಯರ್ಥವಾಗುವುದು ಸಹಜವಾದುದರಿಂದ ಎರಡು ಲೀಟರಿಗೆ ಕಡಮೆಯಿಲ್ಲದ ಸಿಲಿಂಡರನ್ನು ಹೋಟೆಲಿನವರು ಕೊಳ್ಳಲಿ. ಅದು ಪುಡಿಯದಕ್ಕಿಂತ ದುಬಾರಿ, ಅಂಗಡಿಯವರು ಪುಡಿಯದನ್ನೇ ಮುಂದೊಡ್ಡುತ್ತಾರೆ. ಅಕ್ಷರವನ್ನು ನೋಡಿಯೇ ಹಣ ಕೊಡಬೇಕು.

ಪುಡಿಯ ಸಿಲಿಂಡರನ್ನು ಎಸೆಯಬೇಕೆಂದು ನಾವು ಹೇಳುತ್ತಿಲ್ಲ. ಗ್ಯಾಸಿನ ರಬ್ಬರು ನಳಿಗೆ ಹೊತ್ತಿದಾಗ ಅದೇ ಬೇಕು. ಅಲ್ಲಿಯೂ ಮೊದಲು ರೆಗ್ಯುಲೇಟರನ್ನು ಮುಚ್ಚುವ ದಾರಿ ನೋಡಬೇಕು. ಅನಿಲ ಹರಿಯುತ್ತಿರುವಾಗಲೇ ಜ್ವಾಲೆಯನ್ನಷ್ಟೇ ಆರಿಸಿದರೆ, ಗಾಳಿಗಿಂತ ಭಾರವಾದ ಆ ಅನಿಲ ನೆಲದುದ್ದಕ್ಕೂ ಹರಡಿ ಇನ್ನೊಂದು ಕಿಡಿಗಾಗಿ ಕಾಯುತ್ತದೆ.

ಇನ್ನು ಸೌದೆಯ ಒಲೆ. ಒಲೆಯ ಬಾಯಿಂದ ಹೊರಬಿದ್ದ ಕೊಳ್ಳಿಗೆ, ಹತ್ತಿಕೊಂಡ ಸೌದೆಗೆ ಕೊಡದ ನೀರೇ ಶ್ರೇಷ್ಠ. ಆದರೆ ಅದೇ ಒಲೆಯ ಮೇಲಿನ ಎಣ್ಣೆ ಹೊತ್ತಿದರೆ ಗ್ಯಾಸಿನಂತೆ ಕೀಲಿ ತಿರುಗಿಸಿ ಆರಿಸುವಂತಿಲ್ಲ. ಮೊದಲು ಬಾಣಲೆಯನ್ನು ಮುಚ್ಚಿ, ಆಮೇಲೆ ಇಕ್ಕಳದಿಂದ ಕೊಳ್ಳಿಗಳನ್ನು ಹೊರಗೆಳೆದು, ಅವುಗಳ ಮೇಲೆ ದೂರದಲ್ಲಿ ನೀರು ಚಿಮುಕಿಸಬೇಕು. ಕಾದ ಮಣ್ಣಿನ ಒಲೆ ಬಹಳ ಹೊತ್ತು ಶಾಖ ಕೊಡುತ್ತಲೇ ಇರುವುದರಿಂದ ಇಲ್ಲಿ ಅರ್ಧ ಗಂಟೆಯೂ ಸಾಲದು. ಮುಚ್ಚಳ ಒಂದು ಗಂಟೆ ಹಾಗೆಯೇ ಇರಲಿ. ಉರಿಯುವ ಬಾಣಲೆಯನ್ನು ಎತ್ತಿ ಅಂಗಳಕ್ಕೆ ಒಯ್ಯಲು ಮಾತ್ರ ಯಾರೂ ಹೋಗಬಾರದು. ನಡೆಯುವಾಗ ಎದುರುಗಾಳಿಗೆ ಜ್ವಾಲೆ ಒಯ್ಯುವವರ ಕಡೆಗೇ ಬಾಗುತ್ತದೆ.